ದೇವಸ್ಥಾನದ ಹೆಂಚಿನ ಮಾಡಿನ ದುರಸ್ತಿ: ಕೊಟೇಶನ್ ಕೇಳುವ ಪತ್ರವನ್ನು ಯಾವ ಬಗೆಯಲ್ಲಿ ಬರೆಯಬೇಕು?

ಮಾಡು ಸೋರುತ್ತಿದೆ, ಮೂರು ಕಡೆ ಕೊಟೇಶನ್ ತರಿಸೋಣ ಎಂದು ಸಭೆಯಲ್ಲಿ ತೀರ್ಮಾನವಾಗುತ್ತದೆ. ಕಾರ್ಯದರ್ಶಿ ಮೂವರು ಗುತ್ತಿಗೆದಾರರಿಗೆ ಫೋನ್ ಮಾಡುತ್ತಾರೆ. ಒಬ್ಬೊಬ್ಬರು ಒಂದೊಂದು ದಿನ ಬಂದು, ಕೆಳಗೆ ನಿಂತು ಮೇಲೆ ನೋಡಿ ಹೋಗುತ್ತಾರೆ. ವಾರ ಕಳೆದ ಮೇಲೆ ಮೂರು ಕಾಗದ ಬರುತ್ತವೆ. ಒಂದರಲ್ಲಿ ಒಂದೇ ಸಾಲು, ಒಂದೇ ಮೊತ್ತ. ಇನ್ನೊಂದರಲ್ಲಿ ಚದರ ಅಡಿಗೆ ಇಷ್ಟು, ಮರ ಬೇರೆ. ಮೂರನೆಯದರಲ್ಲಿ ಕೂಲಿ ಮಾತ್ರ, ಸಾಮಾನು ನಿಮ್ಮದು. ಇವುಗಳಲ್ಲಿ ಯಾವುದು ಕಡಿಮೆ ಎಂದು ಹೇಳುವುದು ಯಾರಿಗೂ ಆಗದು. ಕೊನೆಗೆ ಪರಿಚಯದವರಿಗೆ ಕೆಲಸ ಹೋಗುತ್ತದೆ, ಊರಲ್ಲಿ ಮಾತು ಹುಟ್ಟುತ್ತದೆ.

ಇದಕ್ಕೆ ಗುತ್ತಿಗೆದಾರರನ್ನು ದೂರಿ ಪ್ರಯೋಜನವಿಲ್ಲ. ಏನು ಬೇಕೆಂದು ನಾವು ಬರೆದು ಕೊಟ್ಟಿಲ್ಲ, ಅವರು ತಮಗೆ ತೋಚಿದ ಹಾಗೆ ಕೊಟ್ಟಿದ್ದಾರೆ. ಎಲ್ಲರಿಗೂ ಒಂದೇ ಪತ್ರ ಹೋಗಬೇಕು. ಆದರೆ ಆ ಪತ್ರವನ್ನೇ ಮೂರು ಬಗೆಯಲ್ಲಿ ಬರೆಯಬಹುದು: ಇಡೀ ಕೆಲಸಕ್ಕೆ ಒಂದು ಮೊತ್ತ ಕೇಳುವುದು, ಐಟಂ ಪ್ರಕಾರ ದರ ಕೇಳುವುದು, ಇಲ್ಲವೇ ಸಾಮಾನು ನಾವೇ ಕೊಟ್ಟು ಕೂಲಿ ಮಾತ್ರ ಕೇಳುವುದು. ಸಮಿತಿಯವರು ಗೊಂದಲಕ್ಕೆ ಬೀಳುವುದು ಇಲ್ಲೇ.

ಇಳಿಜಾರಿನ ಗುಂಟ ಮರದ ಪಕ್ಕಾಸು, ಅದರ ಮೇಲೆ ಅಡ್ಡಲಾಗಿ ರೀಪು, ರೀಪಿಗೆ ಕಚ್ಚಿದ ಮಂಗಳೂರು ಹೆಂಚು ಇರುವ ಸಭಾಮಂಟಪ ಅಥವಾ ಸುತ್ತುಪೌಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಗರ್ಭಗುಡಿಗೆ ತಾಮ್ರದ ಹೊದಿಕೆ ಇದ್ದರೆ ಅದನ್ನು ಇದರ ಜೊತೆ ಸೇರಿಸಬೇಡಿ. ಆ ಕೆಲಸದವರೇ ಬೇರೆ, ಅಳತೆಯೂ ತೂಕದ ಮೇಲೆ. ಅದಕ್ಕೆ ಪ್ರತ್ಯೇಕ ಪತ್ರ ಬರೆಯಿರಿ. ಇನ್ನೊಂದು ವಿಷಯ: ದೇವಸ್ಥಾನ ಮುಜರಾಯಿ ಇಲಾಖೆಗೆ ಸೇರಿದ್ದರೆ ಮಂಜೂರಾತಿ, ಟೆಂಡರ್ ಕ್ರಮ ಏನೆಂದು ಮೊದಲು ಇಲಾಖೆಯಲ್ಲೇ ಕೇಳಿ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದರೆ, ಅಥವಾ ಅಂಥ ಸ್ಮಾರಕದಿಂದ ನೂರು ಮೀಟರ್ ಒಳಗಿದ್ದರೆ, ಅನುಮತಿ ಇಲ್ಲದೆ ದುರಸ್ತಿಗೂ ಕೈ ಹಾಕುವಂತಿಲ್ಲ. ಅದೆಲ್ಲ ಮುಗಿದ ಮೇಲೆ ಈ ಪತ್ರ.

ಯಾವುದರ ಮೇಲೆ ಅಳೆಯಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ.

ಮೊದಲನೆಯದು, ಬಂದ ದರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲು ಬರುತ್ತದೆಯೇ. ಎರಡನೆಯದು, ಕಣ್ಣಿಗೆ ಕಾಣದ ಕೆಲಸ ಹೆಚ್ಚಾದರೆ ಆ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ. ಹೆಂಚಿನ ಮಾಡಿನಲ್ಲಿ ಇದು ದೊಡ್ಡ ಪ್ರಶ್ನೆ. ಹೆಂಚು ಇಳಿಸುವ ತನಕ ಪಕ್ಕಾಸಿನ ಬೆನ್ನು ಹೇಗಿದೆ ಎಂದು ಗೊತ್ತಾಗುವುದಿಲ್ಲ. ಕೆಳಗಿನಿಂದ ಗಟ್ಟಿಯಾಗಿ ಕಾಣುವ ಪಕ್ಕಾಸು, ಹೆಂಚಿನ ಕಡೆಯಿಂದ ನೋಡಿದರೆ ಅರ್ಧ ಪುಡಿಯಾಗಿರುತ್ತದೆ. ನೀರು ಕೂರುವುದು ಆ ಕಡೆಯಲ್ಲಿ ತಾನೇ?

ಮೂರನೆಯದು, ದಿನಾ ಬಂದು ನಿಂತು ನೋಡುವ ಜನ ಸಮಿತಿಯಲ್ಲಿ ಇದ್ದಾರೆಯೇ. ನಾಲ್ಕನೆಯದು, ಹಣ ಹೇಗೆ ಬರುತ್ತದೆ. ಪೂರ್ತಿ ಮೊತ್ತ ಬ್ಯಾಂಕಿನಲ್ಲಿ ಇರುವ ದೇವಸ್ಥಾನ ಬೇರೆ. ಒಬ್ಬರು ಹಲಸಿನ ಮರ ಕೊಡುತ್ತೇನೆ, ಇನ್ನೊಬ್ಬರು ಸಾವಿರ ಹೆಂಚು ಕೊಡುತ್ತೇನೆ ಎಂದು ಮುಂದೆ ಬರುವ ದೇವಸ್ಥಾನ ಬೇರೆ.

ಇಡೀ ಕೆಲಸಕ್ಕೆ ಒಂದು ಮೊತ್ತ

ಸಮಿತಿಗೆ ಇದು ಹಗುರ. ಒಂದು ಅಂಕಿ, ಒಂದು ಸಹಿ. ಭಕ್ತರಿಗೆ ಮನವಿ ಪತ್ರ ಅಚ್ಚು ಹಾಕಿಸುವಾಗಲೂ ಬೇಕಾಗಿರುವುದು ಇಷ್ಟು ಎಂದು ಧೈರ್ಯವಾಗಿ ಬರೆಯಬಹುದು.

ತೊಂದರೆ ಇರುವುದು ಎರಡನೇ ವಿಷಯದಲ್ಲಿ. ಪಕ್ಕಾಸು ಎಷ್ಟು ಹಾಳಾಗಿದೆ ಎಂದು ಗುತ್ತಿಗೆದಾರರಿಗೂ ಗೊತ್ತಿಲ್ಲ. ಅನುಭವಸ್ಥರು ಜಾಸ್ತಿಯೇ ಹಾಳಾಗಿದೆ ಎಂದು ಹಿಡಿದು ದರ ಏರಿಸುತ್ತಾರೆ. ಮರ ಚೆನ್ನಾಗಿದ್ದರೆ ಆ ಹಣ ಅವರಿಗೆ ಉಳಿಯುತ್ತದೆ, ನಮಗಲ್ಲ. ಕೆಲಸ ಹೇಗಾದರೂ ಸಿಗಲಿ ಎನ್ನುವವರು ಕಡಿಮೆ ಹಿಡಿಯುತ್ತಾರೆ. ಆಮೇಲೆ ಹೆಂಚು ಇಳಿಸಿ, ಮಾಡು ಬಯಲಾಗಿ ನಿಂತಿರುವಾಗ, ‘ಇದು ನಮ್ಮ ಲೆಕ್ಕದಲ್ಲಿ ಇರಲಿಲ್ಲ’ ಎಂಬ ಮಾತು ಬರುತ್ತದೆ. ಆ ಹೊತ್ತಿಗೆ ಚೌಕಾಸಿ ಮಾಡುವ ಶಕ್ತಿ ಸಮಿತಿಗೆ ಇರುವುದಿಲ್ಲ. ಹೆಚ್ಚುವರಿ ಹಣ ಬೇಡ ಎನ್ನುವವರು ಅರೆಬರೆ ಕೊಳೆತ ಪಕ್ಕಾಸಿಗೆ ಪಕ್ಕದಲ್ಲಿ ಒಂದು ತುಂಡು ಹೊಡೆದು, ಬಣ್ಣ ಬಳಿದು ಮುಚ್ಚುತ್ತಾರೆ. ಅದು ಇನ್ನೂ ಕೆಟ್ಟದ್ದು.

ಹಾಗಾದರೆ ಒಟ್ಟು ಮೊತ್ತ ಯಾವಾಗ ಸರಿ? ಕಾಣದ ಭಾಗ ಇಲ್ಲದಿದ್ದಾಗ. ಹಳೆಯ ಮರವನ್ನು ಪೂರ್ತಿ ತೆಗೆದು ಎಲ್ಲ ಹೊಸದು ಹಾಕುವ ಕೆಲಸಕ್ಕೆ, ಅಥವಾ ಮರ ಮುಟ್ಟದೆ ಹೆಂಚು ಮಾತ್ರ ತಿರುವಿ ಹಾಕುವ ಸಣ್ಣ ಕೆಲಸಕ್ಕೆ ಇದು ಹೊಂದುತ್ತದೆ.

ಐಟಂ ಪ್ರಕಾರ ದರ

ಇಲ್ಲಿ ಕೆಲಸವನ್ನು ನಾವೇ ತುಂಡು ಮಾಡಿ, ಪ್ರತಿಯೊಂದರ ಪ್ರಮಾಣ ಬರೆದು ಕೊಡುತ್ತೇವೆ. ಅವರು ದರದ ಕಾಲಂ ಮಾತ್ರ ತುಂಬುತ್ತಾರೆ. ಕೊನೆಗೆ ನಿಜವಾಗಿ ಆದ ಕೆಲಸ ಅಳೆದು ದುಡ್ಡು ಕೊಡುವುದು. ಪಕ್ಕಾಸು ಜಾಸ್ತಿ ಹಾಳಾಗಿದ್ದರೆ ಜಾಸ್ತಿ ಕೊಡುತ್ತೇವೆ, ಆದರೆ ಮೊದಲೇ ಒಪ್ಪಿದ ದರದಲ್ಲಿ.

ಹೋಲಿಕೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಪತ್ರ ಕಳಿಸುವ ಮೊದಲೇ ಯಾರಾದರೂ ಕೂತು ಅಳತೆ ಮಾಡಬೇಕು. ಊರಿನ ಅನುಭವಿ ಬಡಗಿ ಮತ್ತು ಲೆಕ್ಕ ಬರುವ ಒಬ್ಬರು ಸೇರಿದರೆ ಸಾಕು. ಎಂಜಿನಿಯರ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ಒಂದು ಮಂಟಪ ತೆಗೆದುಕೊಳ್ಳೋಣ. ಸೂರು ಸೇರಿ ಉದ್ದ 40 ಅಡಿ, ಅಗಲ 30 ಅಡಿ, ಎರಡು ಕಡೆ ಇಳಿಜಾರು, ಇಳಿಜಾರಿನ ಕೋನ 30 ಡಿಗ್ರಿ. ನೆಲದ ಮೇಲೆ ಅಳೆದರೆ 1,200 ಚದರ ಅಡಿ. ಹೆಂಚು ಕೂರುವುದು ನೆಲದ ಮೇಲಲ್ಲವಲ್ಲ, ಇಳಿಜಾರಿನ ಮೇಲೆ. ಇಳಿಜಾರಿನ ಗುಂಟ ಅಳೆದರೆ ಒಂದು ಕಡೆಗೆ ಸುಮಾರು 17.3 ಅಡಿ ಬರುತ್ತದೆ. ಎರಡೂ ಕಡೆ ಸೇರಿ ಸುಮಾರು 1,385 ಚದರ ಅಡಿ. ಒಬ್ಬರು 1,200ಕ್ಕೆ, ಇನ್ನೊಬ್ಬರು 1,385ಕ್ಕೆ ದರ ಹಾಕಿದರೆ ಅಳತೆಯಲ್ಲೇ ಶೇಕಡಾ 15ರಷ್ಟು ವ್ಯತ್ಯಾಸ. ಚದರ ಅಡಿಯ ದರದ ಜಗಳಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾಗುತ್ತವೆ. ‘ಇಳಿಜಾರಿನ ಗುಂಟ ಅಳತೆ, ಹೆಂಚಿನ ಮೇಲು ಜೋಡಣೆಗೆ ಬೇರೆ ಲೆಕ್ಕ ಇಲ್ಲ’ ಎಂದು ಪತ್ರದಲ್ಲಿ ಒಂದು ಸಾಲು ಹಾಕಿದರೆ ಅದು ಮುಗಿಯಿತು.

ಈಗ ಪಕ್ಕಾಸು. ಎರಡಡಿಗೆ ಒಂದರಂತೆ ಒಂದು ಕಡೆಗೆ 21, ಎರಡೂ ಕಡೆ 42. ಐದು ಇಂಚು, ಎರಡೂವರೆ ಇಂಚಿನ ಮರವಾದರೆ ಒಂದು ಪಕ್ಕಾಸಿಗೆ ಸುಮಾರು ಒಂದೂವರೆ ಘನ ಅಡಿ. ಬಡಗಿ ಸೂರಿನ ಹತ್ತಿರ ನಾಲ್ಕಾರು ಕಡೆ ಹೆಂಚು ಸರಿಸಿ, ಪಕ್ಕಾಸಿನ ಬೆನ್ನಿಗೆ ಉಳಿಯ ತುದಿ ಒತ್ತಿ ನೋಡಿದ. ಮೂರರಲ್ಲಿ ಒಂದು ಪಾಲು ಹೋಗಿರಬಹುದು ಎಂದು ಅವನ ಅಂದಾಜು. ಅಂದರೆ 14 ಪಕ್ಕಾಸು, 21 ಘನ ಅಡಿ. ಪಟ್ಟಿಯಲ್ಲಿ ‘ಅಂದಾಜು ಪ್ರಮಾಣ 21 ಘನ ಅಡಿ, ನಿಜವಾದ ಅಳತೆಯಂತೆ ಪಾವತಿ’ ಎಂದು ಬರೆದೆವು.

ಇಬ್ಬರಿಂದ ದರ ಬಂತು ಅಂದುಕೊಳ್ಳಿ. ಅಂಕಿಗಳು ಲೆಕ್ಕ ತೋರಿಸಲು ಹಾಕಿಕೊಂಡವು, ಮಾರುಕಟ್ಟೆ ದರ ಅಲ್ಲ. ಮೊದಲನೆಯವರದು ಮರ ಬಿಟ್ಟು ಉಳಿದ ಎಲ್ಲ ಐಟಂಗಳಿಗೆ 3,10,000 ರೂಪಾಯಿ, ಮರ ಕೂರಿಸಿ ಘನ ಅಡಿಗೆ 6,000. ಎರಡನೆಯವರದು ಉಳಿದದ್ದಕ್ಕೆ 3,45,000, ಮರಕ್ಕೆ 4,500. ತೆರಿಗೆ ಎರಡರಲ್ಲೂ ಸೇರಿದೆ. 21 ಘನ ಅಡಿಗೆ ಲೆಕ್ಕ ಹಾಕಿದರೆ ಮೊದಲನೆಯವರು 4,36,000, ಎರಡನೆಯವರು 4,39,500. ಮೊದಲನೆಯವರೇ ಕಡಿಮೆ, ಮೂರೂವರೆ ಸಾವಿರದಷ್ಟು.

ಹೆಂಚು ಇಳಿಸಿದ ಮೇಲೆ 14 ಅಲ್ಲ, 28 ಪಕ್ಕಾಸು ಹೋಗಿದೆ ಎಂದಾಯಿತು. ಮರ 42 ಘನ ಅಡಿ. ಈಗ ಮೊದಲನೆಯವರ ಬಿಲ್ಲು 5,62,000. ಎರಡನೆಯವರಿಗೆ ಕೊಟ್ಟಿದ್ದರೆ 5,34,000 ಆಗುತ್ತಿತ್ತು. ಕಡಿಮೆ ಅಂತ ಆರಿಸಿದವರೇ 28,000 ದುಬಾರಿಯಾದರು.

ಕೆಲವರು ಇದನ್ನು ಲೆಕ್ಕ ಹಾಕಿಯೇ ಮಾಡುತ್ತಾರೆ. ಯಾವ ಐಟಂ ಹೆಚ್ಚಾಗುತ್ತದೆ ಎಂದು ಅನುಭವದಿಂದ ಗೊತ್ತಿರುತ್ತದೆ. ಅದರ ದರ ಏರಿಸಿ, ಉಳಿದವನ್ನು ಇಳಿಸಿ, ಒಟ್ಟು ಮೊತ್ತ ಕಡಿಮೆ ಕಾಣುವ ಹಾಗೆ ಮಾಡುತ್ತಾರೆ. ಇದನ್ನು ಹಿಡಿಯುವುದು ಸುಲಭ. ಇಬ್ಬರ ನಡುವೆ ಉಳಿದ ಐಟಂಗಳಲ್ಲಿ ಇರುವ ಅಂತರ 35,000. ಮರದ ದರದಲ್ಲಿ ಇರುವ ಅಂತರ 1,500. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 23 ಘನ ಅಡಿಗೆ ಸ್ವಲ್ಪ ಮೇಲೆ ಬರುತ್ತದೆ, ಅಂದರೆ ಹದಿನೈದೂವರೆ ಪಕ್ಕಾಸು. ಹದಿನಾರನೆಯ ಪಕ್ಕಾಸು ಹಾಳಾಗಿದ್ದರೆ ಎರಡನೆಯವರೇ ಅಗ್ಗ. ನಮ್ಮ ಅಂದಾಜು 14. ಇಷ್ಟು ಹತ್ತಿರದಲ್ಲಿ ಸರದಿ ಬದಲಾಗುತ್ತದೆ ಎಂದರೆ ಆ ಅಂದಾಜನ್ನು ನಂಬಿ ಕೂರುವುದು ಸರಿಯಲ್ಲ.

ಹಾಗಂತ ಲಕೋಟೆ ತೆರೆದ ಮೇಲೆ ಪ್ರಮಾಣ ಬದಲಿಸಿ ಬೇಕಾದವರನ್ನು ಗೆಲ್ಲಿಸುವಂತಿಲ್ಲ. ಅದು ಮೋಸವೇ. ಎರಡು ಪ್ರಮಾಣಕ್ಕೆ ಲೆಕ್ಕ ಹಾಕುತ್ತೇವೆ ಎಂದು ಪತ್ರದಲ್ಲೇ ಹೇಳಿಬಿಡಬೇಕು: ಒಂದು ಅಂದಾಜು ಪ್ರಮಾಣ, ಇನ್ನೊಂದು ಅದರ ಎರಡರಷ್ಟು. ಎರಡರ ಸರಾಸರಿ ಯಾರದು ಕಡಿಮೆಯೋ ಅವರು ಮೊದಲು. ನಮ್ಮ ಉದಾಹರಣೆಯಲ್ಲಿ ಸರಾಸರಿ 4,99,000 ಮತ್ತು 4,86,750. ಎರಡನೆಯವರಿಗೆ ಕೆಲಸ ಸಿಗುತ್ತದೆ. ಹೀಗೆ ಮೊದಲೇ ಹೇಳಿದರೆ ಇನ್ನೊಂದು ಲಾಭವಿದೆ: ಮರದ ದರವನ್ನು ಸುಮ್ಮನೆ ಏರಿಸಿ ಬರೆಯುವ ಆಸೆ ಯಾರಿಗೂ ಬರುವುದಿಲ್ಲ.

ಸಾಮಾನು ನಮ್ಮದು, ಕೂಲಿ ಅವರದು

ಕೈಯಲ್ಲಿ ಹಣ ಕಡಿಮೆ, ವಸ್ತು ರೂಪದ ದಾನ ಜಾಸ್ತಿ ಇರುವ ಕಡೆ ಇದು ಸಹಜವಾಗಿ ಬರುವ ದಾರಿ. ಸಾಮಾನಿನ ಮೇಲೆ ಗುತ್ತಿಗೆದಾರರು ಇಟ್ಟುಕೊಳ್ಳುವ ಲಾಭ ಉಳಿಯುತ್ತದೆ. ಮರ ಯಾವುದು, ಹೆಂಚು ಯಾವುದು ಎಂದು ನಮ್ಮ ಕಣ್ಣಿಂದಲೇ ನೋಡಿ ತರಬಹುದು.

ಬೆಲೆ ತೆರುವುದು ಬೇರೆ ಕಡೆ. ಮೊದಲ ಮಳೆಗೆ ಒಂದು ಮೂಲೆ ಸೋರಿದರೆ ‘ಹೆಂಚು ನೀವು ತಂದದ್ದು’ ಎಂದು ಅವರು, ‘ಕೂರಿಸಿದ್ದು ನೀನು’ ಎಂದು ನಾವು. ಹೊಣೆ ಇಬ್ಬರ ನಡುವೆ ಬಿದ್ದು ಕಾಣೆಯಾಗುತ್ತದೆ. ಹೆಂಚು ಒಡೆದರೆ ಅವರಿಗೆ ನೋವಿಲ್ಲ, ಮರ ತುಂಡು ಮಾಡುವಾಗ ಉದ್ದ ನೋಡಿ ಕೊಯ್ಯುವ ತಾಳ್ಮೆಯೂ ಇರುವುದಿಲ್ಲ. ಸಾಮಾನು ಒಂದು ದಿನ ತಡವಾದರೆ ಕೆಲಸದವರು ಕೂತ ಕೂಲಿ ಕೇಳುತ್ತಾರೆ, ಅದು ನ್ಯಾಯವೂ ಹೌದು. ಹಸಿ ಮರ ದಾನವಾಗಿ ಬಂದರೆ ಇನ್ನೊಂದು ಫಜೀತಿ. ಬೇಡ ಅನ್ನಲು ಸಂಕೋಚ, ಹಾಕಿದರೆ ಒಣಗುವಾಗ ತಿರುಚಿಕೊಂಡು ಹೆಂಚಿನ ಸಾಲನ್ನೇ ಎಬ್ಬಿಸುತ್ತದೆ.

ಈ ಬಗೆ ಆರಿಸಿದರೆ ಪತ್ರದಲ್ಲಿ ಮೂರು ಮಾತು ಇರಲೇಬೇಕು. ಸಾಮಾನನ್ನು ನೋಡಿ, ಒಪ್ಪಿ, ಪುಸ್ತಕದಲ್ಲಿ ಸಹಿ ಹಾಕಿ ತೆಗೆದುಕೊಳ್ಳಬೇಕು. ಒಪ್ಪಿದ ಮೇಲೆ ಸಾಮಾನು ಸರಿಯಿಲ್ಲ ಎನ್ನುವಂತಿಲ್ಲ. ಒಡಕು ಇಷ್ಟು ಶೇಕಡಾ ತನಕ ನಮ್ಮದು, ಮೀರಿದರೆ ಬಿಲ್ಲಿನಲ್ಲಿ ಕಡಿತ. ಐದು ಶೇಕಡಾ ಇಟ್ಟರೆ ಯಾರಿಗೂ ಅನ್ಯಾಯವಾಗದು.

ನಡುವಿನ ದಾರಿಯೂ ಇದೆ, ಹಲವು ಕಡೆ ನನಗೆ ಇದೇ ಸರಿ ಕಾಣುತ್ತದೆ. ದಾನ ಬಂದ ಮರವನ್ನು ಮಾತ್ರ ದೇವಸ್ಥಾನ ಕೊಡುವುದು. ಹೆಂಚು, ರೀಪು, ಮೊಳೆ, ಗಾರೆ ಎಲ್ಲ ಗುತ್ತಿಗೆದಾರರದ್ದು, ಐಟಂ ದರದಲ್ಲಿ. ಸೋರಿಕೆಯ ಹೊಣೆ ಅವರ ಮೇಲೇ ಉಳಿಯುತ್ತದೆ.

ಪತ್ರದ ಒಳಗೆ ಏನಿರಬೇಕು

ಕೆಲಸದ ವ್ಯಾಪ್ತಿಯನ್ನು ಬರೆಯುವಾಗ ‘ಮಾಡು ದುರಸ್ತಿ’ ಎಂದು ನಿಲ್ಲಿಸಬೇಡಿ. ಎಲ್ಲಿಂದ ಎಲ್ಲಿಯವರೆಗೆ, ಏನು ಸೇರಿದೆ, ಏನು ಸೇರಿಲ್ಲ ಎಂದು ಹೇಳಿ. ಹೀಗೆ ಬರೆಯಬಹುದು:

> ಸಭಾಮಂಟಪದ ಎರಡೂ ಇಳಿಜಾರಿನ ಹೆಂಚು ಇಳಿಸಿ, ಒಡೆಯದವನ್ನು ತೊಳೆದು ಆವರಣದಲ್ಲಿ ಒಟ್ಟುವುದು. ಎಲ್ಲ ರೀಪುಗಳನ್ನು ಹೊಸದಾಗಿ ಹಾಕುವುದು. ಹಾಳಾದ ಪಕ್ಕಾಸುಗಳನ್ನು ಸಮಿತಿಯ ಪ್ರತಿನಿಧಿ ಗುರುತು ಹಾಕಿದ ಮೇಲೆ ಮಾತ್ರ ಬದಲಿಸುವುದು. ಹೆಂಚು ಹೊದಿಸಿ, ನೆತ್ತಿಯ ಮೂಲೆಹೆಂಚನ್ನು ಗಾರೆಯಲ್ಲಿ ಕೂರಿಸುವುದು. ಮುಚ್ಚಿಗೆ, ಗೋಡೆ, ವಿದ್ಯುತ್ ಕೆಲಸ ಇದರಲ್ಲಿ ಸೇರಿಲ್ಲ. ಏಣಿ, ಸಾರುವೆ, ಟಾರ್ಪಾಲು, ಕಸ ಸಾಗಣೆ ದರದಲ್ಲಿ ಸೇರಿದೆ.

‘ಗುರುತು ಹಾಕಿದ ಮೇಲೆ ಮಾತ್ರ’ ಎಂಬ ಮಾತನ್ನು ಬಿಡಬೇಡಿ. ಐಟಂ ದರದಲ್ಲಿ ಗುತ್ತಿಗೆದಾರರಿಗೆ ಮರ ಬದಲಿಸಿದಷ್ಟೂ ಲಾಭ. ಪ್ರತಿ ಹಾಳು ಪಕ್ಕಾಸಿನ ಮೇಲೂ ಬಣ್ಣದಲ್ಲಿ ನಂಬರ್ ಬರೆದು, ಫೋಟೋ ತೆಗೆದು ಇಟ್ಟುಕೊಂಡರೆ ಬಿಲ್ಲಿನ ದಿನ ಮಾತು ಬೆಳೆಯುವುದಿಲ್ಲ.

ಹಳೆಯ ಸಾಮಾನು ಯಾರದು ಎಂಬುದು ಪತ್ರಗಳಲ್ಲಿ ಮರೆತೇ ಹೋಗುವ ಸಂಗತಿ. ಹಳೆಯ ಮಾಡಿನಲ್ಲಿ ಸಾಗುವಾನಿ, ಹಲಸು ಇದ್ದರೆ ತುದಿ ಕೊಳೆತಿದ್ದರೂ ನಡುವಿನ ಭಾಗ ಗಟ್ಟಿ ಇರುತ್ತದೆ, ಅದಕ್ಕೆ ಒಳ್ಳೆಯ ಬೆಲೆ ಇದೆ. ಒಬ್ಬರ ದರ ಆಶ್ಚರ್ಯವಾಗುವಷ್ಟು ಕಡಿಮೆ ಇದ್ದರೆ ಹಳೆಯ ಮರ ತಮಗೇ ಎಂದು ಅವರು ಲೆಕ್ಕ ಹಾಕಿರಬಹುದು. ‘ಇಳಿಸಿದ ಎಲ್ಲ ಮರ, ಹೆಂಚು, ಲೋಹ ದೇವಸ್ಥಾನದ್ದು’ ಎಂದು ಬರೆಯಿರಿ. ಬೇಕಿದ್ದರೆ ಹಳೆಯದಕ್ಕೆ ಎಷ್ಟು ಕೊಡುತ್ತೀರಿ ಎಂದು ಬೇರೆ ಸಾಲಿನಲ್ಲಿ ಕೇಳಿ.

ಸಾಮಾನಿನ ವಿಷಯದಲ್ಲಿ ‘ಉತ್ತಮ ಗುಣಮಟ್ಟದ’ ಎಂಬ ಪದಕ್ಕೆ ಅರ್ಥವೇ ಇಲ್ಲ. ಅಳೆಯಲು, ನೋಡಲು ಬರುವಂಥದ್ದನ್ನು ಬರೆಯಬೇಕು. ಮಂಗಳೂರು ಹೆಂಚಿಗೆ ಐಎಸ್ 654 ಎಂಬ ಭಾರತೀಯ ಮಾನಕ ಇದೆ, ಅದರಲ್ಲಿ ಎಎ ಮತ್ತು ಎ ಎಂದು ಎರಡು ದರ್ಜೆ. ಯಾವ ದರ್ಜೆ ಬೇಕೆಂದು ಹೇಳಿ, ಮಾದರಿ ಹೆಂಚನ್ನು ಲಕೋಟೆಯ ಜೊತೆ ತರಲು ಹೇಳಿ. ಮರಕ್ಕೆ ಜಾತಿ, ಅಡ್ಡಳತೆ, ಕಾಂಡದ ಹೊರಭಾಗದ ಮೆದು ಬೆಳ್ಳೆ ಮರ ಬೇಡ, ಗೆದ್ದಲು ಔಷಧಿ ಯಾವುದು ಎಷ್ಟು ಸಲ ಎಂದು ಬರೆಯಿರಿ. ಮೊಳೆ ತುಕ್ಕು ಹಿಡಿಯದ ಲೇಪನದ್ದು.

ಹಳೆಯ ಹೆಂಚನ್ನು ಮತ್ತೆ ಬಳಸುವುದೋ ಎಲ್ಲ ಹೊಸದು ಹಾಕುವುದೋ ಎಂದು ತೀರ್ಮಾನ ಆಗದಿದ್ದರೆ ಅದನ್ನು ಗುತ್ತಿಗೆದಾರರ ಇಷ್ಟಕ್ಕೆ ಬಿಡಬೇಡಿ. ಎಲ್ಲರಿಂದಲೂ ಎರಡಕ್ಕೂ ದರ ಕೇಳಿ. ಮೊದಲು ಹತ್ತಿಪ್ಪತ್ತು ಹೆಂಚು ಇಳಿಸಿ ನೋಡಿ. ಒಂದು ಕೈಯಲ್ಲಿ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ಬಡಿದರೆ ಒಳ್ಳೆಯ ಹೆಂಚು ಟಣ್ ಎನ್ನುತ್ತದೆ, ಒಳಗೆ ಬಿರುಕಿದ್ದದ್ದು ಡಬ್ ಎನ್ನುತ್ತದೆ. ಹಿಂದಿನ ಕೊಕ್ಕೆ ಮುರಿದದ್ದನ್ನೂ ತೆಗೆದಿಡಿ, ರೀಪಿಗೆ ಕಚ್ಚಿಕೊಳ್ಳುವುದು ಅದೇ. ನೂರು ಚದರ ಅಡಿಗೆ ಸುಮಾರು 140ರಿಂದ 150 ಹೆಂಚು ಬೇಕು. ನಮ್ಮ ಮಂಟಪಕ್ಕೆ ಎರಡು ಸಾವಿರದ ಆಸುಪಾಸು. ಹಳೆಯದು, ಹೊಸದು ಬೆರೆಸುವುದಾದರೆ ಎರಡರ ಅಳತೆ ಒಂದೇ ಇದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ಸ್ವಲ್ಪ ಬೇರೆ ಇರುತ್ತದೆ. ಒಂದಕ್ಕೊಂದು ಕಚ್ಚದಿದ್ದರೆ ಸಂದಿಯಲ್ಲಿ ಗಾಳಿಮಳೆಯ ನೀರು ಒಳಗೆ ಬರುತ್ತದೆ. ಬೆರೆಸಲೇಬೇಕಾದರೆ ಒಂದು ಇಳಿಜಾರಿಗೆ ಪೂರ್ತಿ ಹಳೆಯದು, ಇನ್ನೊಂದಕ್ಕೆ ಪೂರ್ತಿ ಹೊಸದು ಹಾಕಿಸಿ. ರೀಪಿನ ಅಂತರವನ್ನೂ ಕೈಯಲ್ಲಿರುವ ಹೆಂಚಿಗೆ ಹೊಂದಿಸಿಯೇ ಇಡಬೇಕು.

ದಿನಾಂಕಗಳು ಎರಡು ಬಗೆ. ಕೊಟೇಶನ್‌ನದು ಮತ್ತು ಕೆಲಸದ್ದು. ಮೊದಲನೆಯದಕ್ಕೆ ಸ್ಥಳ ನೋಡುವ ದಿನ, ಪ್ರಶ್ನೆ ಕೇಳಲು ಕೊನೆಯ ದಿನ, ಲಕೋಟೆ ಕೊಡಲು ಕೊನೆಯ ದಿನ ಮತ್ತು ಗಂಟೆ, ತೆರೆಯುವ ಹೊತ್ತು, ದರ ಎಷ್ಟು ದಿನ ಜಾರಿಯಲ್ಲಿರಬೇಕು ಎಂದು ಬರೆಯಿರಿ. ಅಳೆದು, ಮರದ ಬೆಲೆ ವಿಚಾರಿಸಲು ಮೂರು ವಾರವಾದರೂ ಕೊಡಿ. ಸ್ಥಳ ನೋಡುವುದು ಎಲ್ಲರಿಗೂ ಒಂದೇ ದಿನ ಇರಲಿ. ಒಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ ಬರಹದಲ್ಲಿ ಎಲ್ಲರಿಗೂ ಹೋಗಲಿ.

ಕೆಲಸದ ದಿನಾಂಕವನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಜೂನ್ ಮೊದಲ ವಾರ ಮುಂಗಾರು ಅಂದುಕೊಂಡರೆ, ಮೇ ತಿಂಗಳ ಅಡ್ಡಮಳೆಗೂ ಜಾಗ ಬಿಟ್ಟು, ಹೆಂಚು ಹೊದಿಸುವುದು ಏಪ್ರಿಲ್ ಕೊನೆಗೆ ಮುಗಿಯುವಂತೆ ಇಡುವುದು ಕ್ಷೇಮ. ಜಾತ್ರೆಯ ದಿನಗಳಲ್ಲಿ ಸಾರುವೆ ಇರಬಾರದು ಎಂದಿದ್ದರೆ ಆ ದಿನಗಳನ್ನು ಪತ್ರದಲ್ಲೇ ಹಾಕಿ. ಪೂಜೆಯ ಹೊತ್ತಿನಲ್ಲಿ ಕೆಲಸ ನಿಲ್ಲಿಸಬೇಕಿದ್ದರೆ ಅದನ್ನೂ. ದಿನಕ್ಕೆ ಮೂರು ತಾಸು ಕೆಲಸ ನಿಲ್ಲುತ್ತದೆ ಎಂದು ಮೊದಲೇ ತಿಳಿದವರು ಅದಕ್ಕೆ ತಕ್ಕ ದರ ಹಾಕುತ್ತಾರೆ, ಆಮೇಲೆ ತಿಳಿದವರು ಜಗಳ ಆಡುತ್ತಾರೆ. ಒಂದೇ ಸಲ ಎರಡೂ ಇಳಿಜಾರು ಬಿಚ್ಚಬಾರದು ಎಂಬ ಷರತ್ತೂ ಇರಲಿ. ಒಂದು ಕಡೆ ಮುಚ್ಚಿದ ಮೇಲೆ ಇನ್ನೊಂದು ಕಡೆ.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲಸ ಮುಗಿದಂತೆ ಕಂತು, ಪ್ರತಿ ಕಂತಿನಲ್ಲೂ ಐದು ಶೇಕಡಾ ಹಿಡಿದಿಟ್ಟು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದು. ಮಾಡಿನ ಕೆಲಸಕ್ಕೆ ಪರೀಕ್ಷೆ ಮಳೆಯೇ, ಬೇರೆ ಇಲ್ಲ.

ಹೋಲಿಸುವ ಬಗೆ

ಇಲ್ಲೂ ಎರಡು ದಾರಿ. ದರಕ್ಕೆ ಎಪ್ಪತ್ತು, ಅನುಭವ ಮತ್ತು ಗುಣಮಟ್ಟಕ್ಕೆ ಮೂವತ್ತು ಎಂದು ಅಂಕ ಕೊಡುವುದು ಒಂದು. ಕನಿಷ್ಠ ಅರ್ಹತೆ ಇಟ್ಟು, ಅದರಲ್ಲಿ ಪಾಸಾದವರಲ್ಲಿ ಕಡಿಮೆ ದರದವರಿಗೆ ಕೊಡುವುದು ಇನ್ನೊಂದು. ಅಂಕದ ಪದ್ಧತಿ ಕೇಳಲು ಚೆನ್ನಾಗಿದೆ. ಆದರೆ ಮೂವತ್ತರಲ್ಲಿ ಒಬ್ಬರಿಗೆ 24, ಇನ್ನೊಬ್ಬರಿಗೆ 19 ಯಾಕೆ ಎಂದು ಊರಿನವರು ಕೇಳಿದರೆ ಸಮಿತಿಯ ಹತ್ತಿರ ಉತ್ತರ ಇರುವುದಿಲ್ಲ. ಕೆತ್ತನೆಯ ಮುಚ್ಚಿಗೆ, ಹಳೆಯ ಜೋಡಣೆಯ ತೊಲೆಗಳಂಥ ಕುಶಲ ಕೆಲಸ ಇದ್ದರೆ, ನೋಡಲು ಹೊರಗಿನ ತಜ್ಞರೊಬ್ಬರು ಇದ್ದರೆ ಅಂಕ ಸರಿ. ಸಾದಾ ಮಂಟಪಕ್ಕೆ ಪಾಸು-ಫೇಲು ಪದ್ಧತಿಯೇ ಸಾಕು:

> ಹೆಂಚಿನ ಮಾಡಿನ ಎರಡು ಕೆಲಸ ಮುಗಿಸಿದವರಾಗಿರಬೇಕು, ನಾವು ಹೋಗಿ ನೋಡುತ್ತೇವೆ. ಮಾದರಿ ಹೆಂಚು, ಮರ ಒಪ್ಪಿಗೆಯಾಗಬೇಕು. ಕೊನೆಯ ದಿನಾಂಕ, ಹಿಡಿದಿಡುವ ಹಣ, ಹಳೆಯ ಸಾಮಾನಿನ ಷರತ್ತು ಒಪ್ಪಿರಬೇಕು. ಇಷ್ಟೂ ಇರುವವರ ದರಗಳನ್ನು ಜಿಎಸ್‌ಟಿ ಸೇರಿಸಿ, ಪಕ್ಕಾಸಿನ ಎರಡು ಪ್ರಮಾಣಗಳ ಸರಾಸರಿಯಲ್ಲಿ ಹೋಲಿಸಲಾಗುವುದು. ದರ ಮತ್ತು ಮೊತ್ತ ತಾಳೆಯಾಗದಿದ್ದರೆ ದರವನ್ನೇ ಹಿಡಿಯಲಾಗುವುದು. ಸಮಿತಿಯ ಸದಸ್ಯರ ಹತ್ತಿರದ ಸಂಬಂಧಿಕರು ದರ ಕೊಟ್ಟಿದ್ದರೆ ಆ ಸದಸ್ಯರು ತೀರ್ಮಾನದಲ್ಲಿ ಕೂರುವುದಿಲ್ಲ.

ತೆರಿಗೆ ಸೇರಿಸಿ ಎಂದು ಹೇಳದಿದ್ದರೆ ಏನಾಗುತ್ತದೆ ನೋಡಿ. ಮೂರನೆಯವರೊಬ್ಬರು ತಮ್ಮದೇ ಲೆಟರ್‌ಹೆಡ್‌ನಲ್ಲಿ 3,95,000 ಎಂದು ಒಟ್ಟು ಮೊತ್ತ ಬರೆದರು. ಕೆಳಗೆ ಸಣ್ಣ ಅಕ್ಷರದಲ್ಲಿ ‘ತೆರಿಗೆ ಪ್ರತ್ಯೇಕ’. 18 ಶೇಕಡಾ ಸೇರಿಸಿದರೆ 4,66,100. ನಮ್ಮ 21 ಘನ ಅಡಿಯ ಲೆಕ್ಕದಲ್ಲಿ ಮೂವರಲ್ಲಿ ಇವರೇ ದುಬಾರಿ. ಮರ ಎಷ್ಟು ಹಿಡಿದಿದ್ದಾರೆ, ಹಳೆಯದು ಯಾರಿಗೆ ಎಂಬುದೂ ಆ ಕಾಗದದಲ್ಲಿಲ್ಲ. ನಮ್ಮ ನಮೂನೆಯಲ್ಲಿ ತುಂಬದ ದರಪಟ್ಟಿ ಪರಿಗಣಿಸುವುದಿಲ್ಲ ಎಂದು ಪತ್ರದಲ್ಲಿ ಇದ್ದರೆ ಅದನ್ನು ಪಕ್ಕಕ್ಕಿಡಲು ಮುಜುಗರವಿಲ್ಲ.

ತೆರೆಯುವ ದಿನ ದರ ಕೊಟ್ಟವರನ್ನೆಲ್ಲ ಕರೆಯಿರಿ. ಅವರ ಎದುರೇ ಓದಿ, ಒಂದು ಹಾಳೆಯಲ್ಲಿ ಬರೆದು, ಎಲ್ಲರ ಸಹಿ ಹಾಕಿಸಿ. ತಡವಾಗಿ ಬಂದ ಲಕೋಟೆ ತೆರೆಯದೆ ವಾಪಸ್, ಯಾರದ್ದಾದರೂ ಸರಿ.

ನಿಮಗೆ ಯಾವುದು?

ಹಣ ಕೈಯಲ್ಲಿದೆ, ಮರ ಎಲ್ಲ ಹೊಸದು, ನೋಡಿಕೊಳ್ಳುವವರು ಇಲ್ಲ ಎಂದರೆ ಒಟ್ಟು ಮೊತ್ತ. ಸ್ವಲ್ಪ ಜಾಸ್ತಿ ಹೋದರೂ ತಲೆನೋವು ಕಡಿಮೆ. ಹಳೆಯ ಮರ ಉಳಿಸಿಕೊಳ್ಳುವ ಕೆಲಸ, ಬಜೆಟ್ ಬಿಗಿ, ಅಳೆಯಲು ಒಬ್ಬರು ಇದ್ದಾರೆ ಎಂದರೆ ಐಟಂ ದರ, ಜೊತೆಗೆ ಅಂದಾಜಿನ ಮೇಲೆ ಕಾಲು ಭಾಗವಾದರೂ ಹಣ ಕಾದಿಟ್ಟಿರಬೇಕು. ಪಕ್ಕಾಸು ಎರಡರಷ್ಟು ಹಾಳಾಗಿದ್ದ ನಮ್ಮ ಉದಾಹರಣೆಯಲ್ಲಿ ಎರಡನೆಯವರ ಬಿಲ್ಲು ಸುಮಾರು ಅಷ್ಟೇ ಏರಿತ್ತು. ಆ ಹಣ ಹೊಂದಿಸಲು ಆಗದಿದ್ದರೆ ಎರಡು ಇಳಿಜಾರನ್ನು ಎರಡು ವರ್ಷಕ್ಕೆ ಹಂಚಿ, ಈ ಸಲ ಹೆಚ್ಚು ಸೋರುವ ಕಡೆಗೆ ಮಾತ್ರ ದರ ಕೇಳಿ. ಮರ ದಾನವಾಗಿ ಬರುತ್ತದೆ ಎಂದಾದರೆ ನಡುವಿನ ದಾರಿ, ಮರ ಬಂದು ಒಣಗಿ ಕೊಯ್ದು ಆದ ಮೇಲೆಯೇ ಪತ್ರ. ಪೂರ್ತಿ ಕೂಲಿ ಲೆಕ್ಕ ಬೇಕಾದರೆ, ಬೆಳಗ್ಗೆಯಿಂದ ಸಂಜೆ ತನಕ ಅಲ್ಲೇ ಇರುವ ಒಬ್ಬರ ಹೆಸರನ್ನು ಮೊದಲು ನಿರ್ಣಯ ಪುಸ್ತಕದಲ್ಲಿ ಬರೆದು, ಆಮೇಲೆ ಪತ್ರ ಕಳಿಸಿ.

ಯಾವ ಬಗೆಯಾದರೂ ಈ ಪತ್ರ, ಪ್ರಶ್ನೆಗಳಿಗೆ ಕೊಟ್ಟ ಉತ್ತರ, ಅವರು ತುಂಬಿದ ದರಪಟ್ಟಿ ಮೂರನ್ನೂ ಕರಾರಿಗೆ ಲಗತ್ತಿಸಿ, ಪ್ರತಿ ಪುಟಕ್ಕೂ ಎರಡೂ ಕಡೆಯವರು ಸಹಿ ಹಾಕಬೇಕು. ಕೆಲಸ ಸಿಗದವರಿಗೂ ಹೋಲಿಕೆಯ ಹಾಳೆಯ ಒಂದು ಪ್ರತಿ ಕಳಿಸಿ. ಮುಂದಿನ ಸಲ ಸುತ್ತುಪೌಳಿಗೆ ದರ ಕೇಳುವಾಗ ಅವರೇ ಮತ್ತೆ ಬರಬೇಕಲ್ಲ.